ಎಂಡೋಸ್ಕೋಪಿ ವರದಿಯಲ್ಲಿ ಗ್ಯಾಸ್ಟ್ರೈಟಿಸ್, ಇರೋಷನ್, ಬಯಾಪ್ಸಿ ಎಂದಿದ್ದರೆ ಅದನ್ನು ಓದುವ ಕ್ರಮ

ಜಠರದ ಎಂಡೋಸ್ಕೋಪಿ ಮುಗಿದ ಸ್ವಲ್ಪ ಹೊತ್ತಿನಲ್ಲೇ ಕೈಗೆ ಬರುವ ಕಾಗದ ಪೂರ್ಣ ವರದಿಯಲ್ಲ. ಅದು ಮೊದಲ ಕಂತು. ಕ್ಯಾಮೆರಾದ ಮೂಲಕ ವೈದ್ಯರ ಕಣ್ಣಿಗೆ ಕಂಡದ್ದನ್ನು ಮಾತ್ರ ಅದು ಹೇಳುತ್ತದೆ. ಜಠರದ ಒಳಪದರದಿಂದ ಕಿತ್ತ ಚಿಕ್ಕ ತುಣುಕುಗಳನ್ನು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ಎರಡನೆಯ ಕಂತು ಕೆಲವು ದಿನಗಳ ನಂತರ ಬರುತ್ತದೆ. ಈ ಎರಡು ಕಾಗದಗಳು ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತವೆ, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವಾಗಿಯೂ ಇರುತ್ತವೆ. ಆದ್ದರಿಂದ ಮೊದಲ ಕಾಗದವನ್ನು ಎಷ್ಟರ ಮಟ್ಟಿಗೆ ನಂಬಬೇಕು, ಎರಡನೆಯದಕ್ಕಾಗಿ ಯಾವ ಪ್ರಶ್ನೆಗಳನ್ನು ಉಳಿಸಿಕೊಳ್ಳಬೇಕು ಎಂಬುದನ್ನು ತಿಳಿಯುವುದೇ ಇಲ್ಲಿ ಮುಖ್ಯ ಕೆಲಸ.

ವಿವರಣೆಗಾಗಿ ಒಂದು ಮಾದರಿ ವರದಿಯನ್ನು ಇಟ್ಟುಕೊಳ್ಳೋಣ. ರೋಗಿ 48 ವರ್ಷದ ಮಹಿಳೆ. ಮಂಡಿನೋವಿಗಾಗಿ ಮೂರು ವಾರ ಡೈಕ್ಲೋಫೆನಾಕ್ ಮಾತ್ರೆ ತೆಗೆದುಕೊಂಡಿದ್ದಾರೆ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಶುರುವಾದ ಮೇಲೆ ಹನ್ನೆರಡು ದಿನಗಳಿಂದ, ಎಂಡೋಸ್ಕೋಪಿಯ ಹಿಂದಿನ ರಾತ್ರಿಯವರೆಗೂ, ಪ್ಯಾಂಟೊಪ್ರಜೋಲ್ ನುಂಗಿದ್ದಾರೆ. ಅವರ ಕಾಗದದಲ್ಲಿ ಹೀಗಿದೆ:

“ಅನ್ನನಾಳ: ಸಹಜ. ಝಡ್ ಲೈನ್ 38 ಸೆಂ.ಮೀ.
ಜಠರ: ಫಂಡಸ್ ಮತ್ತು ಬಾಡಿ ಸಹಜ. ಆಂಟ್ರಮ್‌ನಲ್ಲಿ ಎರಿಥೀಮಾ ಮತ್ತು ನಾಲ್ಕೈದು ಚಿಕ್ಕ ಇರೋಷನ್‌ಗಳು. ಹುಣ್ಣು ಇಲ್ಲ, ರಕ್ತಸ್ರಾವದ ಗುರುತು ಇಲ್ಲ.
ಡ್ಯುಯೋಡಿನಮ್: ಡಿ2ವರೆಗೆ ಸಹಜ.
ಆರ್‌ಯುಟಿ: ನೆಗೆಟಿವ್.
ಆಂಟ್ರಮ್ ಮತ್ತು ಬಾಡಿಯಿಂದ ಬಯಾಪ್ಸಿ ತೆಗೆದು ಎಚ್‌ಪಿಇಗೆ ಕಳುಹಿಸಲಾಗಿದೆ.
ಇಂಪ್ರೆಷನ್: ಇರೋಸಿವ್ ಆಂಟ್ರಲ್ ಗ್ಯಾಸ್ಟ್ರೈಟಿಸ್.”

ಹಂತ 1: ಎಲ್ಲಿಯವರೆಗೆ ನೋಡಿದ್ದಾರೆ ಎಂಬುದನ್ನು ಮೊದಲು ಹುಡುಕಿ

ಹೆಚ್ಚಿನವರು ಕಾಗದದ ಕೊನೆಯ ಸಾಲಿಗೆ, ಅಂದರೆ ಇಂಪ್ರೆಷನ್‌ಗೆ, ನೇರವಾಗಿ ಹಾರುತ್ತಾರೆ. ಅದಕ್ಕೂ ಮುಂಚೆ ನೋಡಬೇಕಾದದ್ದು ಪರೀಕ್ಷೆ ಪೂರ್ಣವಾಗಿತ್ತೇ ಎಂಬುದು. ‘ಡಿ2ವರೆಗೆ’ ಎಂದರೆ ಕೊಳವೆ ಅನ್ನನಾಳ ಮತ್ತು ಜಠರವನ್ನು ದಾಟಿ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್‌ನ ಎರಡನೆಯ ತುಂಡಿನವರೆಗೆ ಹೋಗಿದೆ ಎಂದರ್ಥ. ಮೇಲ್ಭಾಗದ ಎಂಡೋಸ್ಕೋಪಿಗೆ ಇದೇ ರೂಢಿಯ ಗಡಿ. ಜಠರದಲ್ಲಿ ಆಹಾರ ಉಳಿದಿತ್ತು, ನೊರೆಯಿಂದಾಗಿ ನೋಟ ಮಸುಕಾಗಿತ್ತು, ರೋಗಿ ಸಹಕರಿಸಲಿಲ್ಲ ಎಂಬಂಥ ಮಾತುಗಳಿದ್ದರೆ ಕೆಳಗಿನ ‘ಸಹಜ’ ಎಂಬ ಪದಗಳ ತೂಕ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಝಡ್ ಲೈನ್ ಎಂಬುದು ಅನ್ನನಾಳದ ಒಳಪದರ ಮುಗಿದು ಜಠರದ ಒಳಪದರ ಶುರುವಾಗುವ ಅಂಚು, 38 ಸೆಂ.ಮೀ. ಎಂಬುದು ಮುಂಭಾಗದ ಹಲ್ಲುಗಳಿಂದ ಅಳೆದ ದೂರ. ಅದು ಕಾಯಿಲೆಯ ಅಳತೆಯಲ್ಲ.

ಹಂತ 2: ‘ಗ್ಯಾಸ್ಟ್ರೈಟಿಸ್’ ಎಂಬ ಪದವನ್ನು ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದದ್ದೆಂದು ಓದಿಕೊಳ್ಳಿ

ಗ್ಯಾಸ್ಟ್ರೈಟಿಸ್ ಎಂದರೆ ಜಠರದ ಒಳಪದರದ ಉರಿಯೂತ. ಉರಿಯೂತವೆಂದರೆ ಅಂಗಾಂಶದೊಳಗೆ ಬಿಳಿ ರಕ್ತಕಣಗಳು ಬಂದು ಸೇರಿರುವುದು, ಮತ್ತು ಅದನ್ನು ಖಚಿತವಾಗಿ ನೋಡಲು ಸೂಕ್ಷ್ಮದರ್ಶಕವೇ ಬೇಕು. ಎಂಡೋಸ್ಕೋಪಿ ಮಾಡುವವರಿಗೆ ಕಾಣುವುದು ಬಣ್ಣ ಮತ್ತು ಮೇಲ್ಮೈ: ಎರಿಥೀಮಾ ಎಂದರೆ ಕೆಂಪಾಗಿರುವುದು, ಎಡಿಮಾ ಎಂದರೆ ಊದಿಕೊಂಡಿರುವುದು. ಕೆಂಪು ಕಂಡಲ್ಲೆಲ್ಲ ಉರಿಯೂತ ಇರಲೇಬೇಕೆಂದಿಲ್ಲ. ನುಣುಪಾಗಿ ಸಹಜವಾಗಿ ಕಂಡ ಕಡೆ ಉರಿಯೂತ ಇಲ್ಲವೆಂದೂ ಅಲ್ಲ. ಹಾಗಾಗಿ ಮೊದಲ ಕಾಗದದ ‘ಗ್ಯಾಸ್ಟ್ರೈಟಿಸ್’ ಒಂದು ತೋರಿಕೆಯ ವರ್ಣನೆ, ಎರಡನೆಯ ಕಾಗದದ ‘ಗ್ಯಾಸ್ಟ್ರೈಟಿಸ್’ ಒಂದು ನಿರ್ಣಯ.

ಪದದ ಹಿಂದೆ ಇರುವ ಜಾಗದ ಹೆಸರು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜಠರದ ಮೇಲಿನ ಗುಮ್ಮಟದಂಥ ಭಾಗ ಫಂಡಸ್, ನಡುವಿನ ದೊಡ್ಡ ಭಾಗ ಬಾಡಿ, ಕರುಳಿನ ಕಡೆಗೆ ಕಿರಿದಾಗುತ್ತ ಹೋಗುವ ಕೆಳಭಾಗ ಆಂಟ್ರಮ್. ಆಮ್ಲ ತಯಾರಾಗುವುದು ಬಹುಪಾಲು ಫಂಡಸ್ ಮತ್ತು ಬಾಡಿಯಲ್ಲಿ. ಎಚ್. ಪೈಲೋರಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೆಚ್ಚು ದಟ್ಟವಾಗಿ ಇರುವುದು ಆಂಟ್ರಮ್‌ನಲ್ಲಿ. ಈ ಎರಡು ಸಂಗತಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಹಂತ 3: ಇರೋಷನ್ ಮತ್ತು ಹುಣ್ಣನ್ನು ಒಂದೇ ಎಂದು ತಿಳಿಯಬೇಡಿ

ಇರೋಷನ್ ಎಂದರೆ ಒಳಪದರದ ಮೇಲ್ಮೈ ಸವೆದು ಕಿತ್ತುಹೋಗಿರುವುದು. ಮೊಣಕೈ ಗೋಡೆಗೆ ಉಜ್ಜಿ ಚರ್ಮ ತರಚಿದಂತೆ ಅದು ಮೇಲಿನ ಪದರದಲ್ಲೇ ಉಳಿಯುತ್ತದೆ. ಜಠರದ ಒಳಪದರದ ತಳದಲ್ಲಿ ತೆಳುವಾದ ಒಂದು ಸ್ನಾಯುವಿನ ಹಾಳೆ ಇರುತ್ತದೆ. ಗಾಯ ಅದನ್ನು ದಾಟಿ ಆಳಕ್ಕೆ ಇಳಿದರೆ ಅದನ್ನು ಹುಣ್ಣು, ಅಂದರೆ ಅಲ್ಸರ್, ಎನ್ನುತ್ತಾರೆ. ಕ್ಯಾಮೆರಾದಲ್ಲಿ ಆಳವನ್ನು ಅಳೆಯಲಾಗದ ಕಾರಣ ವೈದ್ಯರು ಗಾತ್ರ ಮತ್ತು ತಗ್ಗನ್ನು ನೋಡಿ ಅಂದಾಜಿಸುತ್ತಾರೆ, ಅನೇಕರು ಸುಮಾರು 5 ಮಿ.ಮೀ.ಗಿಂತ ಚಿಕ್ಕದಾಗಿ ಚಪ್ಪಟೆಯಾಗಿರುವುದನ್ನು ಇರೋಷನ್ ಎಂದು ಬರೆಯುತ್ತಾರೆ.

ಈ ವ್ಯತ್ಯಾಸ ಬರಿಯ ಪದಗಳ ಜಗಳವಲ್ಲ. ಆಳವಿಲ್ಲದ ಇರೋಷನ್ ದೊಡ್ಡ ರಕ್ತನಾಳವನ್ನು ಮುಟ್ಟುವುದಿಲ್ಲ, ಗೋಡೆಯನ್ನು ತೂತು ಮಾಡುವುದಿಲ್ಲ, ಕಾರಣವನ್ನು ತೆಗೆದರೆ ಸಾಮಾನ್ಯವಾಗಿ ಕಲೆ ಉಳಿಯದಂತೆ ಮಾಯುತ್ತದೆ. ಜಠರದ ಹುಣ್ಣಾಗಿದ್ದರೆ ಅದರ ಅಂಚಿನಿಂದ ಬಯಾಪ್ಸಿ ತೆಗೆಯುವುದು, ಎಂಟರಿಂದ ಹನ್ನೆರಡು ವಾರಗಳ ನಂತರ ಮಾಯಿತೇ ಎಂದು ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿ ನೋಡುವುದು ಅನೇಕ ಕಡೆ ರೂಢಿಯಲ್ಲಿದೆ. ಏಕೆಂದರೆ ಕ್ಯಾನ್ಸರ್ ಕೆಲವೊಮ್ಮೆ ಹುಣ್ಣಿನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕೈದು ಚಿಕ್ಕ ಇರೋಷನ್‌ಗಳಿಗಾಗಿಯೇ ಸಾಮಾನ್ಯವಾಗಿ ಮರುಪರೀಕ್ಷೆ ಬೇಕಾಗುವುದಿಲ್ಲ.

ಇರೋಷನ್‌ಗೆ ಸಾಮಾನ್ಯ ಕಾರಣಗಳು ನೋವಿನ ಮಾತ್ರೆಗಳು, ಎಚ್. ಪೈಲೋರಿ, ಮದ್ಯ, ಮತ್ತು ಕರುಳಿನಿಂದ ಹಿಮ್ಮುಖವಾಗಿ ಜಠರಕ್ಕೆ ಬರುವ ಪಿತ್ತರಸ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ಜಠರವನ್ನು ಕಾಪಾಡುವ ಲೋಳೆಯನ್ನು ಮತ್ತು ಒಳಪದರಕ್ಕೆ ಬೇಕಾದ ರಕ್ತಸಂಚಾರವನ್ನು ಕಾಯ್ದುಕೊಳ್ಳುವ ಪ್ರೊಸ್ಟಾಗ್ಲಾಂಡಿನ್‌ಗಳ ಉತ್ಪಾದನೆಯನ್ನೇ ತಗ್ಗಿಸುತ್ತವೆ. ಮಾತ್ರೆಯನ್ನು ಊಟದ ನಂತರ ನುಂಗಿದರೂ, ಚುಚ್ಚುಮದ್ದಾಗಿ ಪಡೆದರೂ ಈ ಪರಿಣಾಮ ರಕ್ತದ ಮೂಲಕ ಆಗಿಯೇ ಆಗುತ್ತದೆ. ನಮ್ಮ ಮಾದರಿಯ ಮಹಿಳೆಗೆ ಮೂರು ವಾರದ ಡೈಕ್ಲೋಫೆನಾಕ್ ಒಂದೇ ಸಾಕಷ್ಟು ಕಾರಣವೆಂದು ತೋರುತ್ತದೆ. ಅಲ್ಲಿಗೇ ವಿಚಾರ ನಿಲ್ಲಿಸುವುದು ಸುಲಭ, ಆದರೆ ತಪ್ಪಾಗಬಹುದು. (ಹೃದಯಕ್ಕೆಂದು ಅಥವಾ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುವವರು ಈ ಸಾಲನ್ನು ಓದಿ ತಾವೇ ಮಾತ್ರೆ ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.)

ಹಂತ 4: ಬಯಾಪ್ಸಿಯ ಸಾಲಿನಲ್ಲಿ ‘ಎಲ್ಲಿಂದ’ ಎಂಬುದನ್ನು ಓದಿ

‘ಬಯಾಪ್ಸಿ ಕಳುಹಿಸಲಾಗಿದೆ’ ಎಂಬುದನ್ನು ಕಂಡೊಡನೆ ವೈದ್ಯರಿಗೆ ಕ್ಯಾನ್ಸರಿನ ಅನುಮಾನ ಬಂದಿದೆ ಎಂದು ಮನೆಯವರು ಭಾವಿಸುವುದು ತೀರ ಸಾಮಾನ್ಯ. ಅನುಮಾನವಿತ್ತೇ ಇಲ್ಲವೇ ಎಂಬುದರ ಸುಳಿವು ಅದೇ ಸಾಲಿನಲ್ಲಿ ಇರುತ್ತದೆ. ‘ಆಂಟ್ರಮ್ ಮತ್ತು ಬಾಡಿಯಿಂದ’ ಎಂದಿದ್ದರೆ ಅದು ಪ್ರದೇಶದಿಂದ ತೆಗೆದ ಮಾದರಿ, ಎಚ್. ಪೈಲೋರಿ ಇದೆಯೇ, ಒಳಪದರ ಒಟ್ಟಾರೆ ಹೇಗಿದೆ ಎಂದು ತಿಳಿಯಲು ವಾಡಿಕೆಯಂತೆ ಹೀಗೆ ತೆಗೆಯುತ್ತಾರೆ. ‘ಹುಣ್ಣಿನ ಅಂಚಿನಿಂದ’, ‘ಗಂಟಿನಿಂದ’, ‘ಒರಟಾದ ಜಾಗದಿಂದ’ ಎಂದಿದ್ದರೆ ಅದು ಒಂದು ನಿರ್ದಿಷ್ಟ ವಸ್ತುವಿನ ಮೇಲೆ ಗುರಿಯಿಟ್ಟು ತೆಗೆದದ್ದು, ಅದರ ಫಲಿತಾಂಶವನ್ನು ತಪ್ಪದೆ ಪಡೆಯಬೇಕು. ಆಗಲೂ ಅದು ಅನುಮಾನವೇ ಹೊರತು ತೀರ್ಪಲ್ಲ.

ಪ್ರದೇಶದ ಮಾದರಿಗೆ ಒಂದು ಒಪ್ಪಿತ ಪದ್ಧತಿ ಇದೆ. 1990ರಲ್ಲಿ ಸಿಡ್ನಿಯಲ್ಲಿ ರೂಪುಗೊಂಡು, 1994ರಲ್ಲಿ ಹ್ಯೂಸ್ಟನ್‌ನಲ್ಲಿ ಪರಿಷ್ಕೃತವಾದ ಸಿಡ್ನಿ ಪದ್ಧತಿಯ ಪ್ರಕಾರ ಆಂಟ್ರಮ್‌ನಿಂದ ಎರಡು, ಬಾಡಿಯಿಂದ ಎರಡು, ಇವೆರಡರ ನಡುವಿನ ಮಡಿಕೆಯಾದ ಇನ್ಸಿಸುರಾದಿಂದ ಒಂದು, ಹೀಗೆ ಐದು ತುಣುಕುಗಳನ್ನು ತೆಗೆಯಬೇಕು. ನಿತ್ಯದ ಕೆಲಸದಲ್ಲಿ ಎಲ್ಲರೂ ಐದು ತೆಗೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸಂಖ್ಯೆಗಿಂತ ಮುಖ್ಯವಾದದ್ದು ಆಂಟ್ರಮ್ ಮತ್ತು ಬಾಡಿ ಎರಡರಿಂದಲೂ ತೆಗೆದಿದ್ದಾರೆಯೇ, ಅವನ್ನು ಬೇರೆ ಬೇರೆ ಸೀಸೆಯಲ್ಲಿ ಕಳುಹಿಸಿದ್ದಾರೆಯೇ ಎಂಬುದು. ಎಲ್ಲವನ್ನೂ ಒಂದೇ ಸೀಸೆಗೆ ಹಾಕಿದರೆ ಯಾವ ಬದಲಾವಣೆ ಎಷ್ಟು ವ್ಯಾಪಿಸಿದೆ ಎಂದು ಹೇಳುವುದು ಪೆಥಾಲಜಿಸ್ಟ್‌ಗೆ ಕಷ್ಟವಾಗುತ್ತದೆ.

ಪ್ರತಿ ತುಣುಕೂ ಎರಡು ಮೂರು ಮಿ.ಮೀ.ನಷ್ಟು, ಅಂದರೆ ಸಾಸಿವೆ ಕಾಳಿನ ಆಸುಪಾಸಿನ ಗಾತ್ರದ್ದು. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ವರದಿ ತಡವಾಗುವುದು ಈ ಕೆಲಸಗಳಿಗೆ ಹಿಡಿಯುವ ಸಮಯದಿಂದ. ವಿಶೇಷ ಬಣ್ಣ ಬೇಕೆನಿಸಿದರೆ ಇನ್ನೂ ಒಂದೆರಡು ದಿನ ಸೇರುತ್ತದೆ. ತಡವಾದದ್ದೇ ಕೆಟ್ಟ ಸುದ್ದಿಯ ಲಕ್ಷಣವಲ್ಲ.

ಹಂತ 5: ಆರ್‌ಯುಟಿ ನೆಗೆಟಿವ್ ಎಂದಿದ್ದರೆ ನಿಮ್ಮ ಮಾತ್ರೆಗಳ ಪಟ್ಟಿಯನ್ನು ತೆಗೆಯಿರಿ

ಇಡೀ ಕಾಗದದಲ್ಲಿ ಅತ್ಯಂತ ಹೆಚ್ಚು ತಪ್ಪಾಗಿ ಓದಲಾಗುವ ಸಾಲು ಇದೇ. ಆರ್‌ಯುಟಿ ಎಂದರೆ ರ್‍ಯಾಪಿಡ್ ಯೂರಿಯೇಸ್ ಟೆಸ್ಟ್. ಒಂದು ತುಣುಕನ್ನು ಯೂರಿಯಾ ಇರುವ ಹಳದಿ ಜೆಲ್ ಅಥವಾ ದ್ರವಕ್ಕೆ ಹಾಕುತ್ತಾರೆ. ಎಚ್. ಪೈಲೋರಿ ತನ್ನ ಸುತ್ತಲಿನ ಆಮ್ಲದಿಂದ ಪಾರಾಗಲು ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಆ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಅಮೋನಿಯಾ ಕ್ಷಾರವಾದ್ದರಿಂದ ಹಳದಿ ಬಣ್ಣ ಗುಲಾಬಿ ಅಥವಾ ಕೆಂಪಿಗೆ ತಿರುಗುತ್ತದೆ. ಬಣ್ಣ ತಿರುಗಿದರೆ ಪಾಸಿಟಿವ್, ತಿರುಗದಿದ್ದರೆ ನೆಗೆಟಿವ್.

ಪಾಸಿಟಿವ್ ಬಂದರೆ ಸಾಮಾನ್ಯವಾಗಿ ನಂಬಬಹುದು. ನೆಗೆಟಿವ್‌ಗೆ ಮಾತ್ರ ಹಲವು ದಾರಿಗಳಿವೆ. ಬಣ್ಣ ತಿರುಗಲು ಸಾಕಷ್ಟು ಬ್ಯಾಕ್ಟೀರಿಯಾಗಳು ಆ ಒಂದು ತುಣುಕಿನಲ್ಲೇ ಇರಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಮುಂತಾದ ಪಿಪಿಐ ಮಾತ್ರೆಗಳು ಆಮ್ಲವನ್ನು ತಗ್ಗಿಸಿದಾಗ ಆಂಟ್ರಮ್‌ನಲ್ಲಿ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿದು, ಅವು ಆಮ್ಲ ತಯಾರಾಗುವ ಬಾಡಿಯ ಕಡೆಗೆ ಸರಿಯುತ್ತವೆ. ಆಂಟ್ರಮ್‌ನಿಂದ ತೆಗೆದ ತುಣುಕು ಆಗ ಸುಳ್ಳು ನೆಗೆಟಿವ್ ಕೊಡುತ್ತದೆ. ಆದ್ದರಿಂದಲೇ ಪಿಪಿಐಯನ್ನು ಕನಿಷ್ಠ ಎರಡು ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್ ಔಷಧಗಳನ್ನು ಕನಿಷ್ಠ ನಾಲ್ಕು ವಾರ ಬಿಟ್ಟ ಮೇಲೆ ಪರೀಕ್ಷಿಸಬೇಕೆನ್ನುತ್ತಾರೆ. ಆ ಹೊತ್ತಿನಲ್ಲಿ ಜಠರದಲ್ಲಿ ರಕ್ತಸ್ರಾವವಿದ್ದರೂ ಫಲಿತಾಂಶ ಸುಳ್ಳಾಗಬಹುದು.

ಇನ್ನೊಂದು ಚಿಕ್ಕ ಸಂಗತಿಯಿದೆ. ಕಿಟ್‌ಗೆ ತಕ್ಕಂತೆ ಬಣ್ಣವನ್ನು ಒಂದು ಗಂಟೆಯಿಂದ 24 ಗಂಟೆಯವರೆಗೆ ಕಾದು ನೋಡಬೇಕಾಗಬಹುದು. ವರದಿಯನ್ನು ಮುದ್ರಿಸಿ ಕೊಟ್ಟದ್ದು ಪರೀಕ್ಷೆಯಾದ ಅರ್ಧ ಗಂಟೆಗೇ ಆಗಿದ್ದರೆ, ಆ ನೆಗೆಟಿವ್ ಅಂತಿಮವೇ ಅಥವಾ ನಂತರ ಬದಲಾಯಿತೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮ ಮಾದರಿಗೆ ಮರಳೋಣ. ಆಕೆ ಹಿಂದಿನ ರಾತ್ರಿಯವರೆಗೂ ಪ್ಯಾಂಟೊಪ್ರಜೋಲ್ ನುಂಗಿದ್ದರು. ಅಂದರೆ ಆ ‘ನೆಗೆಟಿವ್’ ಎಂಬುದನ್ನು ‘ತಿಳಿಯಲಿಲ್ಲ’ ಎಂದು ಓದಬೇಕು.

ಹಂತ 6: ಎರಡನೆಯ ಕಾಗದ ಬಂದಾಗ ಪದಗಳನ್ನು ಒಂದೊಂದಾಗಿ ಬಿಡಿಸಿ

ಎಚ್‌ಪಿಇ ಎಂದರೆ ಹಿಸ್ಟೋಪೆಥಾಲಜಿ ಪರೀಕ್ಷೆ. ಎಂಟು ದಿನಗಳ ನಂತರ ಬಂದ ಆಕೆಯ ವರದಿಯಲ್ಲಿ ಹೀಗಿತ್ತೆನ್ನೋಣ: “ಆಂಟ್ರಮ್: ಮೈಲ್ಡ್ ಕ್ರಾನಿಕ್ ಗ್ಯಾಸ್ಟ್ರೈಟಿಸ್, ಎಚ್. ಪೈಲೋರಿ ಕಂಡುಬಂದಿಲ್ಲ. ಬಾಡಿ: ಮಾಡರೇಟ್ ಕ್ರಾನಿಕ್ ಆಕ್ಟಿವ್ ಗ್ಯಾಸ್ಟ್ರೈಟಿಸ್, ಎಚ್. ಪೈಲೋರಿ ಕಂಡುಬಂದಿದೆ. ಅಟ್ರೋಫಿ, ಇಂಟೆಸ್ಟೈನಲ್ ಮೆಟಾಪ್ಲೇಷಿಯಾ, ಡಿಸ್‌ಪ್ಲೇಷಿಯಾ ಇಲ್ಲ.”

‘ಕ್ರಾನಿಕ್’ ಎಂಬುದನ್ನು ವಾಸಿಯಾಗದ ಕಾಯಿಲೆ ಎಂದು ಓದಬೇಡಿ. ಇಲ್ಲಿ ಅದು ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕಣಗಳೆಂಬ ಬಗೆಯ ಬಿಳಿ ಕಣಗಳು ಸೇರಿವೆ ಎಂಬುದನ್ನಷ್ಟೇ ಹೇಳುತ್ತದೆ. ‘ಆಕ್ಟಿವ್’ ಎಂದರೆ ಅವುಗಳ ಜೊತೆಗೆ ನ್ಯೂಟ್ರೋಫಿಲ್‌ಗಳೂ ಇವೆ, ಅಂದರೆ ಹಾನಿ ಈಗಲೂ ನಡೆಯುತ್ತಿದೆ. ಕ್ಯಾನ್ಸರ್ ಕಣಗಳಿಗೂ ಈ ಪದಕ್ಕೂ ಸಂಬಂಧವಿಲ್ಲ. ಎರಡೂ ಒಟ್ಟಿಗೆ ಬಂದಾಗ ಮೊದಲು ನೆನಪಾಗಬೇಕಾದ ಕಾರಣ ಎಚ್. ಪೈಲೋರಿ. ಮೈಲ್ಡ್, ಮಾಡರೇಟ್, ಮಾರ್ಕ್ಡ್ ಎಂಬವು ಕಣಗಳು ಎಷ್ಟು ದಟ್ಟವಾಗಿವೆ ಎಂಬುದರ ಅಳತೆ, ನಿಮ್ಮ ನೋವಿನ ಅಳತೆಯಲ್ಲ. ತೀವ್ರ ಉರಿಯೂತವಿದ್ದೂ ಏನೂ ಅನಿಸದವರು ಇದ್ದಾರೆ, ಬಯಾಪ್ಸಿ ಸಹಜವಾಗಿದ್ದೂ ದಿನವಿಡೀ ಉರಿಯಿಂದ ನರಳುವವರೂ ಇದ್ದಾರೆ.

ಉಳಿದ ಮೂರು ಪದಗಳು ಆಕೆಯ ವರದಿಯಲ್ಲಿ ‘ಇಲ್ಲ’ ಎಂದಿದ್ದರೂ, ನಿಮ್ಮದರಲ್ಲಿ ಇರಬಹುದಾದ್ದರಿಂದ ಹೇಳುತ್ತೇನೆ. ಅಟ್ರೋಫಿ ಎಂದರೆ ಜಠರದ ಗ್ರಂಥಿಗಳು ಕಡಿಮೆಯಾಗಿರುವುದು. ಮೆಟಾಪ್ಲೇಷಿಯಾ ಎಂದರೆ ಜಠರದ ಒಳಪದರ ಅಲ್ಲಲ್ಲಿ ಕರುಳಿನ ಒಳಪದರದಂತೆ ಮಾರ್ಪಟ್ಟಿರುವುದು. ದೀರ್ಘಕಾಲದ ಉರಿಯೂತದ ಗುರುತು ಇದು, ಕ್ಯಾನ್ಸರ್ ಅಲ್ಲ. ಇವೆರಡರಲ್ಲಿ ಕೇಳಬೇಕಾದದ್ದು ವ್ಯಾಪ್ತಿ: ಆಂಟ್ರಮ್‌ಗೆ ಸೀಮಿತವೇ, ಬಾಡಿಯಲ್ಲೂ ಇದೆಯೇ? ಎರಡೂ ಕಡೆ ವ್ಯಾಪಿಸಿದ್ದರೆ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿಯಿಂದ ಗಮನಿಸಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಒಂದೇ ಕಡೆ ಅಲ್ಪ ಪ್ರಮಾಣದಲ್ಲಿದ್ದು, ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗೂ ಜಠರದ ಕ್ಯಾನ್ಸರ್ ಬಂದಿಲ್ಲದಿದ್ದರೆ ಸಾಮಾನ್ಯವಾಗಿ ಅಷ್ಟು ಬಿಗಿಯಾದ ಗಮನ ಬೇಕಾಗುವುದಿಲ್ಲ. ಆದರೆ ‘ಇನ್‌ಕಂಪ್ಲೀಟ್’ ಬಗೆಯ ಮೆಟಾಪ್ಲೇಷಿಯಾ ಎಂದು ಬರೆದಿದ್ದರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ. ಡಿಸ್‌ಪ್ಲೇಷಿಯಾ ಬೇರೆಯದೇ ಮಾತು. ಕಣಗಳ ರೂಪ ಕ್ಯಾನ್ಸರಿನ ದಿಕ್ಕಿನಲ್ಲಿ ಕೆಡತೊಡಗಿದೆ ಎಂಬುದು ಅದರ ಅರ್ಥ. ‘ಲೋ ಗ್ರೇಡ್’ ಎಂದಿದ್ದರೂ, ‘ಇನ್‌ಡೆಫಿನಿಟ್’ ಎಂದಿದ್ದರೂ ಆ ಕಾಗದದೊಂದಿಗೆ ಬೇಗನೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿ ಹೋಗಬೇಕು. ಇನ್ನೊಬ್ಬ ಪೆಥಾಲಜಿಸ್ಟ್ ಅದೇ ಸ್ಲೈಡ್‌ಗಳನ್ನು ನೋಡುವುದು ಇಂಥ ಸಂದರ್ಭದಲ್ಲಿ ವಾಡಿಕೆ.

ಎಚ್. ಪೈಲೋರಿ ಇಲ್ಲ, ಬಿಳಿ ಕಣಗಳೂ ಹೆಚ್ಚಿಲ್ಲ, ‘ರಿಯಾಕ್ಟಿವ್’ ಅಥವಾ ‘ಕೆಮಿಕಲ್ ಗ್ಯಾಸ್ಟ್ರೋಪತಿ’ ಎಂದಷ್ಟೇ ಬರೆದಿದ್ದರೆ ನೋವಿನ ಮಾತ್ರೆಯೋ ಪಿತ್ತರಸವೋ ಒಳಪದರವನ್ನು ಕೆರಳಿಸಿದೆ ಎಂದು ತಿಳಿಯಬಹುದು. ಬಯಾಪ್ಸಿ ಪೂರ್ತಿ ಸಹಜ ಎಂದು ಬಂದರೆ ಮೊದಲ ಕಾಗದದ ‘ಗ್ಯಾಸ್ಟ್ರೈಟಿಸ್’ ಅನ್ನು ಹೊಡೆದುಹಾಕಿ. ಉರಿಗೆ ಕಾರಣವನ್ನು ಬೇರೆಡೆ ಹುಡುಕಬೇಕು.

ಹಂತ 7: ಎರಡೂ ಕಾಗದಗಳನ್ನು ಅಕ್ಕಪಕ್ಕ ಇಡಿ

ಈಗ ನಮ್ಮ ಮಾದರಿಯ ಚಿತ್ರ ಪೂರ್ಣವಾಗುತ್ತದೆ. ಕ್ಯಾಮೆರಾ ಆಂಟ್ರಮ್ ಕೆಟ್ಟಿದೆ, ಬಾಡಿ ಸಹಜ ಎಂದಿತ್ತು. ಸೂಕ್ಷ್ಮದರ್ಶಕ ಬಾಡಿಯಲ್ಲೇ ಹೆಚ್ಚು ಉರಿಯೂತವನ್ನು ತೋರಿಸಿತು. ಆರ್‌ಯುಟಿ ನೆಗೆಟಿವ್ ಎಂದಿತ್ತು, ಬ್ಯಾಕ್ಟೀರಿಯಾ ಸಿಕ್ಕಿತು. ಯಾರೂ ತಪ್ಪು ಮಾಡಿಲ್ಲ: ಪ್ಯಾಂಟೊಪ್ರಜೋಲ್‌ನಿಂದಾಗಿ ಬ್ಯಾಕ್ಟೀರಿಯಾಗಳು ಆಂಟ್ರಮ್‌ನಲ್ಲಿ ಕಡಿಮೆಯಾಗಿ ಬಾಡಿಯಲ್ಲಿ ಉಳಿದಿದ್ದವು. ಬಾಡಿಯಿಂದ ತುಣುಕು ತೆಗೆಯದೇ ಇದ್ದಿದ್ದರೆ, ಇಡೀ ಕಥೆಯನ್ನು ಡೈಕ್ಲೋಫೆನಾಕ್ ಮೇಲೆ ಹಾಕಿ ಮುಗಿಸುತ್ತಿದ್ದರು. ವಾಸ್ತವದಲ್ಲಿ ಎರಡೂ ಕಾರಣಗಳಿದ್ದವು, ಮತ್ತು ಇವೆರಡೂ ಸೇರಿದಾಗ ಹುಣ್ಣಾಗುವ ಅಪಾಯ ಒಂದೊಂದೇ ಇದ್ದಾಗಿನದಕ್ಕಿಂತ ಹೆಚ್ಚು.

ವೈದ್ಯರ ಬಳಿ ಹೋಗುವಾಗ ಎರಡೂ ಕಾಗದ, ಹಿಂದಿನ ಎರಡು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಹೆಸರು ಮತ್ತು ದಿನಾಂಕ ಕೈಯಲ್ಲಿರಲಿ. ‘ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ’ ಎಂಬ ಸಾಲು ತೆಗೆದ ತುಣುಕುಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದೂ ಗೊತ್ತಿರಲಿ: ಮೊದಲ ಕಾಗದದಲ್ಲಿ ಹುಣ್ಣು ಅಥವಾ ಗಂಟು ಇದ್ದು, ತುಣುಕು ಬೇರೆ ಕಡೆಯಿಂದ ಬಂದಿದ್ದರೆ ಆ ಸಾಲಿನಿಂದ ಸಮಾಧಾನ ಪಡಬಾರದು.

ಬಯಾಪ್ಸಿ ಬರುವವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಟಾರಿನಂತೆ ಕಪ್ಪಾಗಿ ಅಂಟಂಟಾಗಿ ಮಲ ಹೋಗುವುದು, ರಕ್ತ ಅಥವಾ ಕಾಫಿ ಪುಡಿಯಂಥ ವಾಂತಿ, ತಲೆ ತಿರುಗಿ ಬೀಳುವುದು, ತಟ್ಟನೆ ತಾಳಲಾರದ ಹೊಟ್ಟೆನೋವು ಕಂಡರೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆ ಮತ್ತು ಬಿಸ್ಮತ್‌ನಿಂದಲೂ ಮಲ ಕಪ್ಪಾಗುತ್ತದೆ ಎಂಬುದು ನಿಜ, ಆದರೆ ಅದನ್ನು ನಿರ್ಧರಿಸುವ ಕೆಲಸ ವೈದ್ಯರದು.

ಎಚ್. ಪೈಲೋರಿ ಸಿಕ್ಕಿದ ಮೇಲೆ ಕೊಡುವ ಆಂಟಿಬಯಾಟಿಕ್ ಕೋರ್ಸ್ ಸಾಮಾನ್ಯವಾಗಿ ಹದಿನಾಲ್ಕು ದಿನಗಳದ್ದು. ಉರಿ ನಿಂತಿತೆಂದು ಅದನ್ನು ನಡುವೆ ಬಿಡುವುದು ಬ್ಯಾಕ್ಟೀರಿಯಾ ಉಳಿದುಕೊಳ್ಳಲು ದಾರಿ ಮಾಡಿಕೊಡುತ್ತದೆ. ಅದು ಹೋಯಿತೇ ಎಂದು ತಿಳಿಯಲು ಮತ್ತೆ ಎಂಡೋಸ್ಕೋಪಿ ಬೇಕಿಲ್ಲ, ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಸಾಕು. ರಕ್ತದ ಆಂಟಿಬಾಡಿ ಪರೀಕ್ಷೆ ಇದಕ್ಕೆ ಬಾರದು, ಬ್ಯಾಕ್ಟೀರಿಯಾ ಹೋದ ಮೇಲೂ ಅದು ಬಹುಕಾಲ ಪಾಸಿಟಿವ್ ಆಗಿಯೇ ಇರಬಹುದು. ನಮ್ಮ ಮಾದರಿಯ ಮಹಿಳೆಯ ಕೋರ್ಸ್ ತಿಂಗಳ 1ರಂದು ಮುಗಿದರೆ, ಉಸಿರಿನ ಪರೀಕ್ಷೆ ಆ ತಿಂಗಳ 29ಕ್ಕಿಂತ ಮುಂಚೆ ಆಗಬಾರದು. ಪ್ಯಾಂಟೊಪ್ರಜೋಲ್ ಮುಂದುವರಿದಿದ್ದರೆ ವೈದ್ಯರನ್ನು ಕೇಳಿ 15ರ ಹೊತ್ತಿಗೆ ಅದನ್ನು ನಿಲ್ಲಿಸಿರಬೇಕು. ಇಲ್ಲವಾದರೆ ಮೊದಲ ಸಲ ಆರ್‌ಯುಟಿಯಲ್ಲಿ ಆದದ್ದೇ ಈ ಸಲ ಉಸಿರಿನ ಪರೀಕ್ಷೆಯಲ್ಲೂ ಆಗುತ್ತದೆ.